ಪ್ರಶ್ನೋತ್ತರ: ಹೀರೋ ಸಿಗರೇಟು, ಮಗನ ಪೆನ್ಸಿಲ್ಲು

ಶೈಲಜಾ: ಡಾಕ್ಟ್ರೇ, ಮಗನಿಗೆ 14. ಪೆನ್ಸಿಲ್ ಮೇಲಕ್ಕೆ ಎಸೆದು ತುಟಿಯಲ್ಲಿ ಹಿಡಿಯೋದನ್ನ ಕನ್ನಡಿ ಮುಂದೆ ಅಭ್ಯಾಸ ಮಾಡ್ತಾನೆ, ಹೀರೋ ತರ. ಮನೇಲಿ ಯಾರೂ ಸೇದಲ್ಲ. ಚಿಂತೆ ಮಾಡಬೇಕಾ?

ಡಾಕ್ಟರ್: ಶೈಲಜಾ ಅವರೇ, ಪೆನ್ಸಿಲ್ಲಿಗೆ ಗಾಬರಿ ಬೇಡ. ಆದರೆ "ಮನೇಲಿ ಯಾರೂ ಸೇದಲ್ಲ" ಅಂತ ನಿರಾಳ ಆಗಬೇಡಿ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಅದುವರೆಗೆ ಒಮ್ಮೆಯೂ ಸೇದದ 10ರಿಂದ 14 ವರ್ಷದ ಮಕ್ಕಳು ಯಾವ ಸಿನಿಮಾ ನೋಡಿದ್ದಾರೆ ಅಂತ ಕೇಳಿಕೊಂಡು, ಒಂದೆರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಸೇದುವ ದೃಶ್ಯ ಜಾಸ್ತಿ ನೋಡಿದವರಲ್ಲೇ ಶುರು ಮಾಡಿದವರು ಜಾಸ್ತಿ. ಅಪ್ಪ ಅಮ್ಮ ಸೇದದ ಮನೆಯ ಮಕ್ಕಳ ಮೇಲೆ ಪರಿಣಾಮ ಇನ್ನೂ ಗಟ್ಟಿಯಾಗಿತ್ತು. ಕಾರಣ ನನ್ನ ಊಹೆ: ಅಪ್ಪನ ಕೆಮ್ಮು, ಬಟ್ಟೆಯ ವಾಸನೆ ಕಂಡ ಮಗುವಿಗೆ ಸಿಗರೇಟಿನ ಇನ್ನೊಂದು ಮುಖ ಗೊತ್ತು. ನಿಮ್ಮ ಮಗನಿಗೆ ಗೊತ್ತಿರೋದು ಹೀರೋ ಮುಖ ಮಾತ್ರ.

ಬೈಯಬೇಡಿ. ಆ ಸಿನಿಮಾ ಅವನ ಜೊತೆ ಕೂತು ನೋಡಿ. "ಇಲ್ಲಿ ಸಿಗರೇಟು ಕಿತ್ತರೆ ಇವನ ಗತ್ತು ಹೋಗುತ್ತಾ?" ಅಂತ ಕೇಳಿ, ಉತ್ತರ ಅವನೇ ಹುಡುಕಲಿ. ಮನೆಗೆ ಬಂದ ತಕ್ಷಣ ಬಾಯಿ ಮುಕ್ಕಳಿಸೋದು, ಜೇಬಲ್ಲಿ ಪುದೀನಾ ಚಾಕ್ಲೇಟು, ಪೆಟ್ಟಿಗೆ ಅಂಗಡಿ ಹತ್ತಿರ ಹೊಸ ಗುಂಪು: ಇವು ಕಂಡರೆ ಕರೆದುಕೊಂಡು ಬನ್ನಿ.

ಮಂಜು: ಪರದೆ ಮೇಲೆ ಆ ಎಚ್ಚರಿಕೆ ಯಾಕೆ ಸರ್? ಸುಮ್ನೆ ಕಿರಿಕಿರಿ.

ಡಾಕ್ಟರ್: ದೃಶ್ಯದಲ್ಲಿ ಹೀರೋ ಕೆಮ್ಮಲ್ಲ, ಅದಕ್ಕೆ. ಮೂರನೇ ಸಲ ಈ ಪ್ರಶ್ನೆ.

ರಾಜು: 2009ರಲ್ಲೇ ದೆಹಲಿ ಹೈಕೋರ್ಟ್ ಅದನ್ನೆಲ್ಲ ರದ್ದು ಮಾಡಿದೆ. ಈಗ ಥಿಯೇಟರ್‌ನವರು ಸುಮ್ನೆ ಹಾಕ್ತಾರೆ.

ವೀಣಾ: ಅರ್ಧ ಮಾತ್ರ ಸರಿ. ರದ್ದಾಗಿದ್ದು ದೃಶ್ಯವನ್ನೇ ತೋರಿಸಬಾರದು ಅನ್ನೋ ನಿಷೇಧ. ಎಚ್ಚರಿಕೆಯ ನಿಯಮ ಆಮೇಲಿನದು. ಶುರುವಲ್ಲಿ, ಇಂಟರ್ವಲ್ ಹೊತ್ತಿಗೆ ಕನಿಷ್ಠ 30 ಸೆಕೆಂಡಿನ ಚಿತ್ರ, ಸೇದುವಾಗ ಕೆಳಗೆ ಬರಹ. 2023ರ ಸೆಪ್ಟೆಂಬರ್‌ನಿಂದ ಓಟಿಟಿಗೂ ಬಂದಿದೆ.

ರಾಜು: ಹಾಗಾದ್ರೆ ಕೊಲೆ ದೃಶ್ಯಕ್ಕೂ ಬರಹ ಹಾಕಿ ಮೇಡಂ!

ವೀಣಾ: ಕೊಲೆ ಪೆಟ್ಟಿಗೆ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗಲ್ಲ ರಾಜು.

ಗಿರೀಶ್: ಆ ಬರಹ ಯಾರು ಓದ್ತಾರೆ ಡಾಕ್ಟ್ರೇ?

ಡಾಕ್ಟರ್: ಮೂಲೆಯ ಬರಹದ ಮೇಲೆ ನನಗೂ ಅಷ್ಟು ನಂಬಿಕೆ ಇಲ್ಲ. ಕಣ್ಣು ಹೀರೋ ಮೇಲಿರುತ್ತೆ. ಶುರುವಿನ ಚಿತ್ರದ ಮಾತು ಬೇರೆ. ಸಿನಿಮಾಗೆ ಮೊದಲು ಧೂಮಪಾನದ ವಿರುದ್ಧ ಜಾಹೀರಾತು ನೋಡಿದ ಹದಿಹರೆಯದವರಿಗೆ ಸೇದುವ ಪಾತ್ರ ಅಷ್ಟು ಆಕರ್ಷಕವಾಗಿ ಕಾಣಲಿಲ್ಲ ಅಂತ 1999ರಲ್ಲೇ ಒಂದು ಪ್ರಯೋಗ ತೋರಿಸಿದೆ. ನಮ್ಮವರು ಆ ಹೊತ್ತಿಗೆ ಪಾಪ್‌ಕಾರ್ನ್ ಸಾಲಲ್ಲಿ ಇರ್ತಾರೆ, ಏನು ಮಾಡೋಣ.

ಸುರೇಶ್: ಫಾರ್ವರ್ಡ್: ಓಮಕಾಳು, ನಿಂಬೆರಸ, ಜೇನು. 3 ದಿನದಲ್ಲಿ ಶ್ವಾಸಕೋಶದ ಟಾರ್ ಹೊರಗೆ!

ಡಾಕ್ಟರ್: ಕುಡಿದದ್ದು ಹೊಟ್ಟೆಗೆ ಹೋಗುತ್ತೆ ಸುರೇಶ್, ಶ್ವಾಸಕೋಶಕ್ಕಲ್ಲ. "ಕಷಾಯ ಇದೆಯಲ್ಲ" ಅಂತ ಇನ್ನೊಂದು ವರ್ಷ ಸೇದೋರನ್ನ ನಾನು ನೋಡ್ತೀನಿ. ಡಿಲೀಟ್ ಮಾಡಿ. ಬಿಡಬೇಕು ಅನ್ನೋರು 1800-11-2356ಕ್ಕೆ ಕರೆ ಮಾಡಿ, ಉಚಿತ.

ಸುರೇಶ್: ನಮ್ಮಜ್ಜ 90 ವರ್ಷ ಬೀಡಿ ಸೇದಿದ್ರು.

ವೀಣಾ: ಹುಟ್ಟಿದ ದಿನದಿಂದಲೇನಾ?

ಫರ್ಜಾನಾ: ವಿಲನ್ ಸೇದಿದ್ರೂ ಮಕ್ಕಳು ಕಲೀತಾರಾ ಡಾಕ್ಟ್ರೇ?

ರಾಜು: ಅಜ್ಜನ ವಿಷಯಕ್ಕೆ ಬರಬೇಡಿ ವೀಣಾ.

ಶೈಲಜಾ: ಆ ಸಿನಿಮಾ ಭಾನುವಾರ ಅವನ ಜೊತೆ ನೋಡ್ತೀನಿ. ಅವರಪ್ಪನೂ ಕೂರಬೇಕಾ? ಅವರಿಗೆ ಆ ಹೀರೋ ಅಂದ್ರೆ ಮಗನಿಗಿಂತ ಜಾಸ್ತಿ ಹುಚ್ಚು.