ಸಹಾಯ ಬೇಕು: ಹಿಂಬೆಳಕಿನ ಫೋಟೋದಲ್ಲಿ ಮುಖ ಬದಲಿಸಿದರೆ ಕೆನ್ನೆ ಅಂಚಲ್ಲಿ ಕಪ್ಪು ಪಟ್ಟಿ

ಸೂರ್ಯ ಬೆನ್ನ ಹಿಂದೆ ಇದ್ದಾಗ ಅಕ್ಕನ ಎರಡು ಫೋಟೋ ತೆಗೆದಿದ್ದೆ. ಮೊದಲನೆಯದರಲ್ಲಿ ಕೂದಲ ಸುತ್ತ, ಎಡ ಕೆನ್ನೆ ಮೇಲೆ ಬೆಳಕಿನ ಅಂಚು ತುಂಬಾ ಚೆಂದ ಬಂದಿದೆ, ಆದರೆ ಕಣ್ಣು ಮುಚ್ಚಿದೆ. ಎರಡನೆಯದರಲ್ಲಿ ಕಣ್ಣು, ನಗು ಚೆನ್ನಾಗಿವೆ, ತಲೆ ಸ್ವಲ್ಪ ತಿರುಗಿದೆ. ಆ ಮುಖವನ್ನು ಮೊದಲನೆಯದಕ್ಕೆ ಕೂರಿಸಬೇಕು. ಅಕ್ಕನೇ ಆಸೆಪಟ್ಟು ಕೇಳಿದ್ದು.

ಫೋಟೋಶಾಪ್‌ನಲ್ಲಿ ಮಾಡ್ತಾ ಇದ್ದೀನಿ. ಕೂದಲನ್ನು ಮುಟ್ಟಿಲ್ಲ, ಮಾಸ್ಕ್ ಹಣೆಯ ಒಳಗೇ ನಿಲ್ಲಿಸಿದ್ದೇನೆ. ಮೊದಲ ಫೋಟೋದಲ್ಲಿ ಲೆನ್ಸ್‌ಗೆ ಬೆಳಕು ನುಗ್ಗಿ ನೆರಳೆಲ್ಲ ಬೂದುಬಣ್ಣಕ್ಕೆ ತಿರುಗಿತ್ತು. ಹೊಸ ಮುಖದ ಕಪ್ಪನ್ನು Curves ನಲ್ಲಿ ಅಷ್ಟೇ ಮೇಲೆತ್ತಿದೆ, ಬಣ್ಣ ಹೊಂದಿಕೊಂಡಿತು.

ಸಿಕ್ಕಿಹಾಕಿಕೊಂಡಿರುವುದು ಕೆನ್ನೆಯಲ್ಲಿ. ತಲೆ ತಿರುಗಿರೋದರಿಂದ ಹೊಸ ಕೆನ್ನೆ ಹಳೆಯ ಬೆಳಕಿನ ಗೆರೆಗಿಂತ ಆರೇಳು ಪಿಕ್ಸೆಲ್ ಒಳಗೆ ಮುಗಿಯುತ್ತದೆ. ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಮಾಸ್ಕನ್ನು ಹೊರಗೆ ಎಳೆದರೆ ಹೊಸ ಮುಖದ ಬೆಳಕೂ ಬಂದು ಎರಡು ಗೆರೆ ಆಗುತ್ತದೆ. ಫೆದರ್ ಜಾಸ್ತಿ ಮಾಡಿದರೆ ಗೆರೆಯ ಚೂಪು ಹೋಗಿ ಮಂಜು ಕವಿದ ಹಾಗಿರುತ್ತದೆ. Lighten ಹಾಕಿದರೆ ಪಟ್ಟಿ ತಕ್ಕಮಟ್ಟಿಗೆ ಮಾಯ, ಆದರೆ ಹೊಸ ಕಣ್ಣಿನ ಕಪ್ಪು ಗುಡ್ಡೆಗಿಂತ ಹಳೆಯ ರೆಪ್ಪೆ ಬೆಳ್ಳಗಿರೋದರಿಂದ ರೆಪ್ಪೆಯೇ ಮತ್ತೆ ಇಣುಕುತ್ತದೆ.

ಹಳೆಯ ಗೆರೆ ಉಳಿಸಿಕೊಂಡು ಹೊಸ ಕೆನ್ನೆಯನ್ನು Warp ಮಾಡಿ ಅದಕ್ಕೆ ಮುಟ್ಟಿಸಬೇಕಾ? ಹಾಗೆ ಮಾಡಿದರೆ ಮುಖ ಅಗಲ ಕಾಣಲ್ವಾ? ಅಥವಾ ಹಳೆಯ ಗೆರೆ ಅಳಿಸಿ, ಬೇರೆ ಲೇಯರ್‌ನಲ್ಲಿ ಹೊಸದಾಗಿ ಬರೆಯಬೇಕಾ? ಯಾವುದೇ ಆದರೂ, ಮಾಸ್ಕಿನ ಅಂಚು ಗೆರೆಯ ಒಳಗೆ ಇರಬೇಕೋ ಹೊರಗೋ?