ಬೆನ್ನಿನ ಮೇಲೆ ಬೆವರುವ ಪಟ್ಟೆ, ಬೆವರದ ಪಟ್ಟೆ: ವಾಹಕಿಯರ ಅನುಭವ ಬೇಕಾಗಿದೆ

ಶಿಡ್ಲಘಟ್ಟದಿಂದ ಒಬ್ಬ ತಾಯಿ ಕೇಳಿದ್ದು

ನನ್ನ ಮಗನಿಗೆ ಮೂರು ವರ್ಷ. ಅವನಿಗೆ ಬೆವರುವುದೇ ಇಲ್ಲ, ಬಿಸಿಲಿಗೆ ಮೈ ಕಾದುಹೋಗುತ್ತದೆ. ಮೂಡಿರುವ ನಾಲ್ಕು ಹಲ್ಲುಗಳೂ ಚೂಪು. ಪರೀಕ್ಷೆಯಲ್ಲಿ ಎಕ್ಸ್ ಕ್ರೋಮೋಸೋಮಿನ ಇಡಿಎ ಜೀನಿನ ದೋಷವೆಂದು ಬಂತು. ಆಮೇಲೆ ನನ್ನ ಬೆನ್ನಿಗೂ ಅಯೋಡಿನ್ ಬಳಿದು ಪಿಷ್ಟದ ಪುಡಿ ಉದುರಿಸಿದರು. ಕೆಲವು ಪಟ್ಟೆಗಳು ಕಪ್ಪಾದವು, ಕೆಲವು ಹಾಗೆಯೇ ಉಳಿದವು. ನಾನು ವಾಹಕಿ, ಎಂದರೆ ದೋಷದ ಜೀನನ್ನು ಮಕ್ಕಳಿಗೆ ದಾಟಿಸಬಲ್ಲವಳು ಎಂದರು. ವಾಹಕಿಗೆ ಏನೂ ಆಗುವುದಿಲ್ಲ ಎಂದು ಕೇಳಿದ್ದೆ, ಮತ್ತೆ ಈ ಪಟ್ಟೆಗಳು ಏಕೆ? ಆರು ವರ್ಷದ ಮಗಳನ್ನೂ ತೋರಿಸಬೇಕೇ?

ಚಿಂತಾಮಣಿಯಿಂದ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು

ಅಕ್ಕ, ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿ ಎರಡು ಎಕ್ಸ್ ಇರುತ್ತವೆ, ಅವುಗಳಲ್ಲಿ ಒಂದು ಮುದುಡಿಕೊಂಡು ಕೆಲಸ ನಿಲ್ಲಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಬಾರ್ ಕಾಯವಾಗಿ ಕಾಣುತ್ತದೆ, ನಾನೇ ನೋಡಿದ್ದೇನೆ. ಹಾಗೆ ನಿಲ್ಲುವುದು ತಂದೆಯಿಂದ ಬಂದ ಎಕ್ಸ್. ನಿಮ್ಮ ದೋಷವುಳ್ಳ ಎಕ್ಸ್ ಮಗಳಿಗೆ ಹೋಗಿದ್ದರೆ ಅವಳ ಮೈಯಲ್ಲೆಲ್ಲ ಅದೇ ನಡೆಯುತ್ತಿರುತ್ತದೆ. ಮಗನಂತೆಯೇ ನೋಡಿಕೊಳ್ಳಬೇಕಾಗುತ್ತದೆ.

ಕೋಲಾರದಿಂದ, ಜೀವಶಾಸ್ತ್ರ ಕಲಿಸಿದ ನಿವೃತ್ತ ಉಪನ್ಯಾಸಕಿ

ಮೊದಲು ಆ ಭಯವನ್ನು ತೆಗೆದುಹಾಕುತ್ತೇನೆ. ಒಂದು ಎಕ್ಸ್ ನಿಲ್ಲುತ್ತದೆ ಎಂಬುದು ಸರಿ. ತಂದೆಯದೇ ನಿಲ್ಲುತ್ತದೆ ಎಂಬುದು ಕಾಂಗರೂಗಳಲ್ಲಿ ನಿಜ, ಮನುಷ್ಯರಲ್ಲಿ ಅಲ್ಲ. ನಮ್ಮಲ್ಲಿ ಗರ್ಭ ಕಟ್ಟಿದ ಮೊದಲ ದಿನಗಳಲ್ಲಿಯೇ, ಭ್ರೂಣ ಇನ್ನೂ ಕೋಶಗಳ ಪುಟ್ಟ ಮುದ್ದೆಯಾಗಿರುವಾಗ, ಪ್ರತಿ ಕೋಶವೂ ತನ್ನ ಪಾಡಿಗೆ ತಾನು ಒಂದು ಎಕ್ಸನ್ನು ಮುಚ್ಚುತ್ತದೆ. ಒಂದರಲ್ಲಿ ತಾಯಿಯದು ಮುಚ್ಚಿದರೆ ಪಕ್ಕದ್ದರಲ್ಲಿ ತಂದೆಯದು ಮುಚ್ಚಬಹುದು. ಒಮ್ಮೆ ಮುಚ್ಚಿದ ಮೇಲೆ ಆ ಕೋಶದ ಮರಿಗಳು, ಮೊಮ್ಮರಿಗಳು ಎಲ್ಲವೂ ಅದನ್ನೇ ಮುಚ್ಚಿಕೊಂಡು ಬೆಳೆಯುತ್ತವೆ. ಇಲಿಗಳ ಮೈಬಣ್ಣದ ತೇಪೆಗಳನ್ನು ನೋಡಿ 1961ರಲ್ಲಿ ಇದನ್ನು ಹೇಳಿದವರು ಮೇರಿ ಲಯನ್.

ಈಗ ನಿಮ್ಮ ಬೆನ್ನಿಗೆ ಬರೋಣ. ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತೇವಲ್ಲ, ನಾಲ್ಕಾರು ಸಾಲು ರಾಗಿ, ನಡುವೆ ಒಂದು ಸಾಲು ಅವರೆ. ಬಿತ್ತುವ ದಿನ ಯಾವ ಸಾಲಿಗೆ ಯಾವ ಬೀಜ ಬಿತ್ತೋ ಕೊಯ್ಲಿನವರೆಗೂ ಅಲ್ಲಿ ಅದೇ ಪೈರು. ನಿಮ್ಮ ಚರ್ಮದ ಕೋಶಗಳೂ ಬೆನ್ನುಮೂಳೆಯ ಕಡೆಯಿಂದ ಹೊರಟು ಸಾಲುಸಾಲಾಗಿ ಹರಡಿಕೊಂಡವು. ಒಳ್ಳೆಯ ಎಕ್ಸ್ ತೆರೆದಿದ್ದ ಸಾಲಿನಲ್ಲಿ ಬೆವರಿನ ಗ್ರಂಥಿಗಳು ಮೂಡಿದವು, ದೋಷದ ಎಕ್ಸ್ ತೆರೆದಿದ್ದ ಸಾಲಿನಲ್ಲಿ ಮೂಡಲಿಲ್ಲ. ಈ ಸಾಲುಗಳ ನಕ್ಷೆಯನ್ನು 1901ರಲ್ಲಿ ಬ್ಲಾಷ್ಕೋ ಎಂಬ ಜರ್ಮನ್ ಚರ್ಮವೈದ್ಯರು ಬಿಡಿಸಿಟ್ಟರು. ಬೆನ್ನಿನ ನಡುವೆ ಅವು ಇಂಗ್ಲಿಷಿನ ವಿ ಅಕ್ಷರದಂತೆ ಇಳಿಯುತ್ತವೆ, ಪಕ್ಕೆಯಲ್ಲಿ ಬಳುಕುತ್ತವೆ, ಕೈಕಾಲುಗಳಲ್ಲಿ ಉದ್ದಕ್ಕೆ ಸಾಗುತ್ತವೆ. ಗ್ರಂಥಿಗಳು ಮೂಡುವುದು ಗರ್ಭದಲ್ಲಿಯೇ. ಹುಟ್ಟಿದ ಮೇಲೆ ಹೊಸದಾಗಿ ಮೂಡುವುದಿಲ್ಲ, ಆದ್ದರಿಂದ ನಿಮ್ಮ ಪಟ್ಟೆಗಳು ಹೆಚ್ಚುವುದೂ ಇಲ್ಲ, ಅಳಿಯುವುದೂ ಇಲ್ಲ.

ವಾಹಕಿಗೆ ಏನೂ ಆಗುವುದಿಲ್ಲ ಎಂಬ ಮಾತು ಬಹಳ ಹಳೆಯದು. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಹಲ್ಲು, ಕೂದಲು ಕಡಿಮೆಯೆಂದೂ, ಬೇಸಿಗೆಯಲ್ಲಿ ಒಣಚರ್ಮದಿಂದ ಕಷ್ಟವೆಂದೂ ಡಾರ್ವಿನ್ ಬರೆದಿದ್ದ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಗಂಡುಮಕ್ಕಳಿಗೆ ದಾಟಿಸುತ್ತಾರೆ ಅಷ್ಟೇ, ಎಂದೂ ಸೇರಿಸಿದ್ದ. ಆ ಹೆಣ್ಣುಮಕ್ಕಳ ಬೆನ್ನಿಗೆ ಅಯೋಡಿನ್ ಬಳಿದು ನೋಡಿದವರು ಯಾರೂ ಇರಲಿಲ್ಲ.

ಗೌರಿಬಿದನೂರಿನಿಂದ

ನನ್ನ ಮಗಳ ಮೊಣಕಾಲಿನ ಮೇಲೆ ಬಿಳಿ ಮಚ್ಚೆ ಬಂದು ದೊಡ್ಡದಾಗುತ್ತಿದೆ. ಇದೂ ಎಕ್ಸ್ ಮುಚ್ಚಿಕೊಂಡಿದ್ದರಿಂದ ಆದದ್ದೇ? ನಾವೂ ಅಯೋಡಿನ್ ಹಚ್ಚಿ ನೋಡಬಹುದೇ?

ತುಮಕೂರಿನಿಂದ, ಚರ್ಮವೈದ್ಯರು

ಗೌರಿಬಿದನೂರಿನವರೇ, ಶಿಡ್ಲಘಟ್ಟದವರ ಬೆನ್ನಿನಲ್ಲಿ ಬಿಳಿಯಾಗಿ ಉಳಿದದ್ದು ಪುಡಿಯೇ ಹೊರತು ಚರ್ಮದ ಬಣ್ಣವಲ್ಲ. ಬೆವರಿನ ತೇವ ಸೋಕಿದಾಗ ಮಾತ್ರ ಅಯೋಡಿನ್ ಮತ್ತು ಪಿಷ್ಟ ಸೇರಿ ಕಪ್ಪಾಗುತ್ತವೆ. ಬೆಳೆಯುತ್ತಿರುವ ಮಚ್ಚೆಯ ಕಾರಣವೇ ಬೇರೆ, ಚರ್ಮವೈದ್ಯರಿಗೆ ತೋರಿಸಿ. ಅಯೋಡಿನ್ ಮನೆಯಲ್ಲಿ ಬೇಡ. ಅದರ ಅಲರ್ಜಿ ಅಥವಾ ಥೈರಾಯ್ಡ್ ತೊಂದರೆ ಇರುವವರಿಗೆ ನಾವೂ ಹಚ್ಚುವುದಿಲ್ಲ.

ಶಿಡ್ಲಘಟ್ಟದ ತಾಯಿಗೆ ಒಂದು ಮಾತು. ವಾಹಕಿಯರಲ್ಲಿ ಒಂದೇ ಜಾಗದಿಂದ ಚರ್ಮದ ಚೂರು ತೆಗೆದು ನೋಡಿದರೆ ಮೋಸಹೋಗುತ್ತೇವೆ. ಸೂಜಿ ಬಿದ್ದದ್ದು ಬೆವರುವ ಸಾಲಿನ ಮೇಲಾದರೆ ಎಲ್ಲವೂ ಸರಿಯಾಗಿದೆ ಎಂದೇ ವರದಿ ಬರುತ್ತದೆ. ಇಡೀ ಬೆನ್ನನ್ನು ಒಟ್ಟಿಗೆ ನೋಡಿದ್ದು ಸರಿಯಾದ ಕ್ರಮ. ಆದರೂ ಬೆನ್ನು ಸರಿ ಇರುವ ವಾಹಕಿಯರೂ ಉಂಟು, ಕೊನೆಯ ಮಾತು ಜೀನ್ ಪರೀಕ್ಷೆಯದೇ.

ತುಮಕೂರಿನಿಂದ, ಹಿಮೋಫಿಲಿಯಾ ಇರುವವರ ಅಕ್ಕ

ನನ್ನ ತಮ್ಮನಿಗೆ ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶ ಇಲ್ಲ. ನಾನೂ ತಂಗಿಯೂ ಇಬ್ಬರೂ ವಾಹಕಿಯರು. ನನ್ನ ಮಟ್ಟ ಶೇ 31, ಅವಳದು ಶೇ 80ರ ಮೇಲೆ. ಹಲ್ಲು ಕೀಳಿಸಿದ ದಿನ ರಾತ್ರಿಯಿಡೀ ನನಗೆ ರಕ್ತ ನಿಲ್ಲಲಿಲ್ಲ. ವಾಹಕಿಗೆ ಹೀಗಾಗುವುದಿಲ್ಲ ಎಂದೇ ಆ ಆಸ್ಪತ್ರೆಯಲ್ಲಿ ವಾದಿಸಿದರು. ಒಂದೇ ದೋಷ ಪಡೆದ ಅಕ್ಕತಂಗಿಯರಲ್ಲಿ ಇಷ್ಟು ಅಂತರ ಹೇಗೆ? ನನ್ನ ಮೈಮೇಲೆ ಪಟ್ಟೆಗಳೇನೂ ಇಲ್ಲವಲ್ಲ?

ಕೋಲಾರದ ಉಪನ್ಯಾಸಕಿ

ಎಂಟನೆಯ ಅಂಶದ ಜೀನ್ ಕೂಡ ಎಕ್ಸ್ ಕ್ರೋಮೋಸೋಮಿನಲ್ಲಿಯೇ ಇದೆ. ಆದ್ದರಿಂದ ನಿಮ್ಮಲ್ಲಿಯೂ ಕೋಶಗಳ ಮಟ್ಟದಲ್ಲಿ ತೇಪೆಗಳಿವೆ, ಅವು ಯಕೃತ್ತಿನಲ್ಲಿವೆ. ಅಲ್ಲಿನ ಒಳ್ಳೆಯ ಕೋಶಗಳು ಸುರಿಸಿದ ಅಂಶ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುವುದರಿಂದ ತೇಪೆ ಕಾಣುವುದಿಲ್ಲ, ಒಟ್ಟು ಮೊತ್ತ ಮಾತ್ರ ಕಾಣುತ್ತದೆ. ಇಡಿಎ ಜೀನಿನ ಪ್ರೋಟೀನ್ ಅಷ್ಟು ದೂರ ಹೋಗುವುದಿಲ್ಲ, ಹುಟ್ಟಿದ ಜಾಗದ ಆಸುಪಾಸಿನಲ್ಲಿಯೇ ಅದರ ಕೆಲಸ. ಆದ್ದರಿಂದ ಶಿಡ್ಲಘಟ್ಟದವರಲ್ಲಿ ಅದು ಪಟ್ಟೆಯಾಯಿತು.

ಅಂತರದ ಲೆಕ್ಕ ನೋಡಿ. ಒಂದು ಅಂಗಕ್ಕೆ ಮೂಲವಾದ ಕೋಶಗಳು ಆಗ ಹತ್ತೇ ಇದ್ದವು ಎಂದಿಟ್ಟುಕೊಳ್ಳಿ. ಪ್ರತಿಯೊಂದೂ ಮನಬಂದಂತೆ ಒಂದು ಎಕ್ಸನ್ನು ಮುಚ್ಚಿದರೆ ಸರಿಯಾಗಿ ಐದಕ್ಕೆ ಐದು ಬರುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಏಳಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಒಂದು ಕಡೆಗೆ ವಾಲುವುದು ಸುಮಾರು ಮೂರರಲ್ಲಿ ಒಂದು ಸಲ. ನೀವು ಒಂದು ಕಡೆಗೆ ವಾಲಿದಿರಿ, ತಂಗಿ ಇನ್ನೊಂದು ಕಡೆಗೆ. ರಕ್ತದ ಗುಂಪು ಕೂಡ ಎಂಟನೆಯ ಅಂಶವನ್ನು ಏರಿಳಿಸುತ್ತದೆ, ಓ ಗುಂಪಿನವರಲ್ಲಿ ಅದು ಸ್ವಲ್ಪ ಕಡಿಮೆ. ಶೇ 40ಕ್ಕಿಂತ ಕೆಳಗಿರುವ ಹೆಣ್ಣುಮಕ್ಕಳನ್ನು ಈಗ ಸೌಮ್ಯ ಹಿಮೋಫಿಲಿಯಾ ಇರುವವರೆಂದೇ ಕರೆಯುತ್ತಾರೆ. ಆ ವರದಿ ಸದಾ ನಿಮ್ಮ ಜೊತೆಯಲ್ಲಿರಲಿ.

ಶಿಡ್ಲಘಟ್ಟದ ತಾಯಿ

ಮೇಡಂ, ಈಗ ಅರ್ಥವಾಯಿತು. ನನಗೂ ಮೇಲಿನ ಎರಡು ಹಲ್ಲು ಹುಟ್ಟಲೇ ಇಲ್ಲ. ಮಗನಿಗೆ ಹಾಲುಣಿಸುವಾಗ ಒಂದು ಕಡೆ ಹಾಲೇ ಬರುತ್ತಿರಲಿಲ್ಲ, ಮನೆಯಲ್ಲಿ ಮಾತು ಕೇಳಬೇಕಾಯಿತು. ಅದೂ ಇದರದ್ದೇ?

ಕೋಲಾರದ ಉಪನ್ಯಾಸಕಿ

ಆಗಿರಬಹುದು. ಹಾಲಿನ ಗ್ರಂಥಿ ಬೆಳೆಯುವುದಕ್ಕೂ ಇದೇ ಜೀನ್ ಬೇಕು. ಈ ದೋಷದ ವಾಹಕಿಯರಲ್ಲಿ ಹಾಲು ಕಡಿಮೆಯಾಗುವುದು ದಾಖಲಾಗಿದೆ. ನಿಮ್ಮ ತಪ್ಪು ಏನೂ ಇಲ್ಲ, ಮನೆಯವರಿಗೂ ಇದನ್ನು ಓದಿ ಹೇಳಿ.

ಮಧುಗಿರಿಯಿಂದ, ದಂತವೈದ್ಯೆ

ಮಗಳಿಗೆ ದೋಷ ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಆರು ವರ್ಷಕ್ಕೆ ಇಡೀ ದವಡೆಯ ಎಕ್ಸರೇ ತೆಗೆದರೆ ಒಳಗಿರುವ ಕಾಯಂ ಹಲ್ಲುಗಳ ಮೊಳಕೆಗಳಲ್ಲಿ ಹೆಚ್ಚಿನವು ಕಾಣುತ್ತವೆ. ಎರಡು ಮೂರು ಕಾಣೆಯಾಗಿದ್ದರೆ ಈಗಿನಿಂದಲೇ ಜಾಗ ಕಾಯ್ದುಕೊಳ್ಳಬಹುದು. ನಾನಾದರೆ ಜೀನ್ ಪರೀಕ್ಷೆಯನ್ನೂ ಈಗಲೇ ಮಾಡಿಸುತ್ತೇನೆ.

ತುಮಕೂರಿನ ಚರ್ಮವೈದ್ಯರು

ಎಕ್ಸರೇಗೆ ನನ್ನ ಒಪ್ಪಿಗೆ ಇದೆ. ಜೀನ್ ಪರೀಕ್ಷೆಯ ವಿಷಯದಲ್ಲಿ ನನಗೆ ಹಿಂಜರಿಕೆ. ಹಲ್ಲು, ಬೆವರು ಎರಡೂ ಸರಿ ಇದ್ದರೆ ಅದು ಮುಂದೆ ಅವಳ ಮಕ್ಕಳ ವಿಷಯ. ದೊಡ್ಡವಳಾಗಿ ತಾನೇ ನಿರ್ಧರಿಸಲಿ. ಇನ್ನು, ಅವಳ ರಕ್ತದಲ್ಲಿ ಯಾವ ಎಕ್ಸ್ ಎಷ್ಟು ಮುಚ್ಚಿದೆ ಎಂದು ಅಳೆಯುತ್ತೇವೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಹಣ ಹಾಕಬೇಡಿ. ರಕ್ತದ ಅನುಪಾತವೇ ಚರ್ಮದಲ್ಲಿಯೂ ಇರಬೇಕೆಂದಿಲ್ಲ.

ಮಧುಗಿರಿಯ ದಂತವೈದ್ಯೆ

ಸರ್, ದೊಡ್ಡವಳಾಗುವವರೆಗೆ ಕಾಯುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಶಾಲೆಯ ಆಟದ ಮೈದಾನದಲ್ಲಿ ಅವಳನ್ನು ಹೇಗೆ ನೋಡಿಕೊಳ್ಳಬೇಕೆಂದು ಈಗಲೇ ತಿಳಿದಿರಬೇಕು. ಅಕ್ಕ, ಯಾವಾಗ ಮಾಡಿಸಿದರೂ ಮಗನ ಜೀನ್ ವರದಿಯ ಪ್ರತಿಯನ್ನು ಕೊಡಿ. ಅವನಲ್ಲಿ ಕಂಡ ಆ ಒಂದು ಬದಲಾವಣೆ ಅವಳಲ್ಲಿ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಕು, ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ.