ಪದಚರ್ಚೆ: ಕ್ರೆಡಿಟ್ ನೋಟಿಗೆ ‘ಜಮಾ ಚೀಟಿ’ ಅನ್ನಬಹುದೇ? ನಾಳೆ ಪ್ರೆಸ್ಸಿಗೆ ಕೊಡಬೇಕು

ಪೈಪ್ ಅಂಗಡಿ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಚೀಟಿ ಪುಸ್ತಕಕ್ಕೆ ಕನ್ನಡ ತಲೆಬರಹ ಬೇಕು. ಶಹಾಬಾದಿನ ಗಿರಾಕಿಗೆ 20 ಪೈಪಿನ ಬಿಲ್ ಮಾಡಿದ್ದೆವು. ತೆರಿಗೆ ಸೇರಿ 11,800 ರೂಪಾಯಿ, ಉದ್ರಿ. ಮುಂದಿನ ತಿಂಗಳು 4 ಪೈಪ್ ಸೀಳಿವೆ ಅಂತ ವಾಪಸ್ ಬಂದವು. 2,360ಕ್ಕೆ ‘ಜಮಾ ಚೀಟಿ’ ಬರೆದುಕೊಟ್ಟೆ. ಹೊಸ ಹುಡುಗ ಅದನ್ನು ನೋಡಿ ರೊಕ್ಕ ಬಂದಿದೆ ಅಂತ ರಸೀದಿಯಾಗಿ ಏರಿಸಿಬಿಟ್ಟ. ಗಿರಾಕಿಯ ಬಾಕಿ 9,440 ಸರಿಯಾಗಿಯೇ ತೋರಿಸಿತು. ಸಂಜೆ ಗಲ್ಲಾ ಎಣಿಸಿದರೆ 2,360 ಕಡಿಮೆ! ಹೆಸರಿನದೇ ತಪ್ಪು ಅಲ್ವಾ?

ಬೀದರ್, ನಿವೃತ್ತ ಕನ್ನಡ ಮೇಷ್ಟ್ರು:
‘ಜಮಾ’ ಅರಬ್ಬಿ, ‘ವಾಪಸ್’ ಪಾರಸಿ. ಎರಡೂ ಬೇಡ. ‘ಮರಳಿಕೆ ಚೀಟಿ’ ಎನ್ನಿ. ಮುಗಿಯಿತು.

ಯಾದಗಿರಿ, ಬಟ್ಟೆ ಅಂಗಡಿ:
ಇಷ್ಟೆಲ್ಲ ಯಾಕೆ ಅಣ್ಣಾ? ಹಳೆ ಬಿಲ್ ತೆಗೆದು 16 ಪೈಪಿಗೆ ಹೊಸದು ಮಾಡಿ. ನಮ್ಮಲ್ಲಿ ಸೀರೆ ತಿರುಗಿ ಬಂದರೆ ಹಾಗೇ ಮಾಡುತ್ತೇವೆ.

ಕಲಬುರಗಿ, ಲೆಕ್ಕಪತ್ರ ಬರೆಯುವಾಕೆ:
ಅಣ್ಣಾ, ಆ ಬಿಲ್ ಮಾರಾಟದ ರಿಟರ್ನ್ GSTR-1ರಲ್ಲಿ ಹೋಗಿಯಾಗಿದೆ. ಮಾಲೂ ನಿಜವಾಗಿ ಹೋಗಿತ್ತು. ಈಗ ತೆಗೆಯುವ ಹಾಗಿಲ್ಲ.

ಮೇಷ್ಟ್ರೇ, ‘ಮರಳಿಕೆ’ ಅರ್ಧ ಮಾತ್ರ ಹೇಳುತ್ತದೆ. ಬಿಲ್ಲಿನಲ್ಲಿ ದರ ಜಾಸ್ತಿ ಬಿದ್ದಿದ್ದರೂ ಇದೇ ಚೀಟಿ ಕೊಡಬೇಕು. ಆಗ ಒಂದು ಪೈಪೂ ಮರಳುವುದಿಲ್ಲ. ಮಾಲು ಬರುವುದು ಬೇರೆ, ಗಿರಾಕಿಯ ಖಾತೆಗೆ ಜಮಾ ಕೊಡುವುದು ಬೇರೆ.

ಗಲ್ಲಾದ ತಪ್ಪು ಅದೇ ದಿನ ಸಿಕ್ಕಿತು, ಒಳ್ಳೆಯದಾಯಿತು. ರಸೀದಿ ಅಳಿಸಿ. ಮಾರಾಟ ವಾಪಸ್ 2,000, ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180 ಖರ್ಚಿನ ಕಡೆ, ಅಂದರೆ ಡೆಬಿಟ್‌ಗೆ ಬರಲಿ. ಗಿರಾಕಿಗೆ 2,360 ಜಮಾ. ರಸೀದಿಯಲ್ಲಿ ತೆರಿಗೆಯೂ ಇಳಿಯುತ್ತಿರಲಿಲ್ಲ, 4 ಪೈಪೂ ಸ್ಟಾಕಿಗೆ ಬರುತ್ತಿರಲಿಲ್ಲ. ಸೀಳಿದ ಪೈಪನ್ನು ಒಳ್ಳೆ ಮಾಲಿನ ಜೊತೆ ಸೇರಿಸಬೇಡಿ, ಬೇರೆ ಗೋಡೌನ್ ಹೆಸರಿನಲ್ಲಿಡಿ. ಚೀಟಿ ಮೇಲೆ ಮೂಲ ಬಿಲ್ಲಿನ ನಂಬರು, ತಾರೀಖು ಇರಲೇಬೇಕು. ಇದನ್ನು ಮೂಲ ಮಾರಾಟ ಆದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ರಿಟರ್ನಿನಲ್ಲಿ ತೋರಿಸಬೇಕು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಅಷ್ಟರೊಳಗೇ.

ಬೀದರ್, ನಿವೃತ್ತ ಕನ್ನಡ ಮೇಷ್ಟ್ರು:
ಲೆಕ್ಕ ನಿಮ್ಮದು, ಒಪ್ಪಿದೆ. ಆದರೆ ಕನ್ನಡದ ಬೇರಿಲ್ಲದ ಪದ ನನಗೆ ಒಗ್ಗದು.

ಕಲಬುರಗಿ, ಲೆಕ್ಕಪತ್ರ ಬರೆಯುವಾಕೆ:
ಹಾಗಾದರೆ ಬಾಕಿ, ವಸೂಲಿ, ಖರ್ಚು ಎಲ್ಲ ಬಿಡಬೇಕಾಗುತ್ತದೆ ಸರ್. ಚೀಟಿಯ ಕೆಳಗಿನ ‘ಸಹಿ’ ಕೂಡ ಅರಬ್ಬಿಯೇ. ನಮ್ಮ ಅಜ್ಜ ಅಡತಿಯಲ್ಲಿ ಜಮಾ-ಖರ್ಚು ಅಂತಲೇ ಬರೆದರು. ಅದು ನಮ್ಮ ಕನ್ನಡವೇ.

ಬೀದರ್, ನಿವೃತ್ತ ಕನ್ನಡ ಮೇಷ್ಟ್ರು:
ರೂಢಿ ಬೇರೆ, ಶುದ್ಧಿ ಬೇರೆ. ನಾನು ಒಪ್ಪುವುದಿಲ್ಲ.

ಪೈಪ್ ಅಂಗಡಿ, ಕಲಬುರಗಿ:
ಅಕ್ಕಾ, ಮೇಲೆ ‘ಕ್ರೆಡಿಟ್ ನೋಟ್ – ಖಾತೆ ಜಮಾ ಚೀಟಿ’ ಅಂತ ಹಾಕಿಸುತ್ತೇನೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಗದು ಪಡೆದಿಲ್ಲ’. ಕಾರಣಕ್ಕೆ ಎರಡು ಚೌಕ: ಮಾಲು ವಾಪಸ್, ದರ ವ್ಯತ್ಯಾಸ. ಪ್ರೆಸ್ಸಿನವರು ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಅದಕ್ಕೆ ಮೊದಲು ಬರೆಯಿರಿ.